ಗ್ಯಾಲರಿಯಲ್ಲಿ ಶುಂಠಿ, ಅರಿಸಿನ

ಮಾರ್ಚ್ ತಿಂಗಳು ಕಳೆಯುತ್ತ ಬಂದಾಗ, ಅಡಿಗೆಮನೆಯ ಬುಟ್ಟಿಯ ತಳದಲ್ಲಿ ಮರೆತುಬಿಟ್ಟ ಶುಂಠಿಯ ತುಂಡೊಂದು ತಾನಾಗಿಯೇ ಮೊಳಕೆ ತೋರಿಸುವುದನ್ನು ನಮ್ಮ ಗೃಹಿಣಿಯರೆಲ್ಲರೂ ಕಂಡಿರುತ್ತಾರೆ. ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಆದರೂ ಕಾಲ ಬಂದುದು ಅದಕ್ಕೆ ತಿಳಿದಿದೆ. ಡಿಸೆಂಬರ್-ಜನವರಿಯಲ್ಲಿ ಕಿತ್ತ ಗೆಡ್ಡೆ ಎರಡು ಮೂರು ತಿಂಗಳು ನಿದ್ರೆ ಮಾಡಿ ಈಗ ಎಚ್ಚೆತ್ತಿದೆ, ಅಷ್ಟೆ. ಆ ತುಂಡನ್ನು ಜಜ್ಜಿ ಚಹಕ್ಕೆ ಹಾಕುವ ಮೊದಲು ಈ ನಾಲ್ಕು ಮಾತುಗಳನ್ನು ಓದಬೇಕೆಂದು ನನ್ನ ವಿನಂತಿ.

ನಾವಿರುವುದು ಡೊಂಬಿವಲಿಯಲ್ಲಿ, ಮೂರನೆಯ ಮಾಳಿಗೆಯಲ್ಲಿ. ಪೂರ್ವಕ್ಕೆ ತೆರೆದ ಒಂದು ಗ್ಯಾಲರಿ ಇದೆ. ಇಬ್ಬರು ಎದುರುಬದುರು ಕುಳಿತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಅಷ್ಟೇ ಅದರ ವಿಸ್ತಾರ. ಅಲ್ಲಿ ಅರಿಸಿನ ಬೆಳೆಸಬೇಕೆಂಬ ಆಸೆ ಮೊದಲು ಹುಟ್ಟಿದುದು ನನ್ನಲ್ಲಿ ಅಲ್ಲ, ನಮ್ಮ ತಾಯಿಯವರಲ್ಲಿ. ಉಡುಪಿಯ ಕಡೆಯವರಾದ ಅವರಿಗೆ ನಾಗರಪಂಚಮಿಯ ದಿನ ಅರಿಸಿನದ ಎಲೆಯಲ್ಲಿ ಮಡಚಿ ಬೇಯಿಸಿದ ಕಡುಬು ಇಲ್ಲದಿದ್ದರೆ ಹಬ್ಬವೇ ಅಲ್ಲ. ಮುಂಬಯಿಯ ಪೇಟೆಯಲ್ಲಿ ಆ ದಿನಗಳಲ್ಲಿ ಎಲೆ ಸಿಗುವುದಿಲ್ಲವೆಂದಲ್ಲ. ಆದರೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮನೆ ಸೇರುವಷ್ಟರಲ್ಲಿ ಅದು ಬಾಡಿ ಸೀಳಿರುತ್ತದೆ, ಹಿಟ್ಟು ಹಚ್ಚಿದರೆ ನಿಲ್ಲುವುದಿಲ್ಲ. “ಊರಿನಲ್ಲಿ ತೆಂಗಿನ ಬುಡದಲ್ಲಿ ತಾನಾಗಿಯೇ ಬರುತ್ತಿತ್ತು, ಇಲ್ಲಿ ಒಂದು ಡಬ್ಬಿಯಲ್ಲಿ ಬಾರದೇ ಮಗಾ?” ಎಂದು ಅವರು ಕೇಳಿದರು. ನಾನು ಸುಲಭವೆಂದುಕೊಂಡೆ.

ಮೊದಲ ವರ್ಷ ಕಿರಾಣಿ ಅಂಗಡಿಯಿಂದ ಚೆಂದದ ಅರಿಸಿನದ ಕೊಂಬುಗಳನ್ನು ಆರಿಸಿ ತಂದು ನೆಟ್ಟೆ. ಒಂದು ತಿಂಗಳು ಭಕ್ತಿಯಿಂದ ನೀರೆರೆದೆ. ಏನೂ ಮೇಲೆ ಬರಲಿಲ್ಲ. ಕಡೆಗೆ ತಾಯಿಯವರು ಬಂದು ಮಣ್ಣು ಕೆದಕಿ, ಕೊಂಬನ್ನು ಕೈಗೆತ್ತಿಕೊಂಡು, “ಬೇಯಿಸಿದ ಬೀಜ ಎಲ್ಲಾದರೂ ಮೊಳೆತೀತೇ?” ಎಂದರು. ಸಂಗತಿ ಹಾಗೆಯೇ. ಅಂಗಡಿಯ ಕೊಂಬನ್ನು ಕಿತ್ತ ಮೇಲೆ ನೀರಿನಲ್ಲಿ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿ, ತಿಕ್ಕಿ ಹೊಳಪು ಕೊಟ್ಟಿರುತ್ತಾರೆ. ಅದರಲ್ಲಿ ಜೀವವಿಲ್ಲ. ನೆಡಲು ಬೇಕಾದುದು ಹಸಿಯ ಗೆಡ್ಡೆ. ಸಂಕ್ರಾಂತಿಯ ಸಮಯದಲ್ಲಿ ಹಸಿ ಅರಿಸಿನ ಎಲ್ಲ ಊರಿನ ತರಕಾರಿ ಪೇಟೆಗೂ ಬರುತ್ತದೆ. ಚೆನ್ನೈಯಲ್ಲಿ ಪೊಂಗಲಿಗೆ ಎಲೆಸಹಿತ ಗಿಡವನ್ನೇ ಮಾರುತ್ತಾರೆ. ಆಗ ಕಾಲು ಕಿಲೋ ಕೊಂಡು ನೆರಳಿನಲ್ಲಿಟ್ಟರೆ ಏಪ್ರಿಲ್ ಹೊತ್ತಿಗೆ ಬೀಜ ಸಿದ್ಧ. ಶುಂಠಿಯನ್ನು ಮಾರ್ಚ್-ಏಪ್ರಿಲ್‌ನಲ್ಲಿ ಕೊಂಡರೂ ಸರಿ. ತುಂಬಿಕೊಂಡಿರುವ, ಸುಕ್ಕುಗಟ್ಟದ, ಮುರಿದ ಕಡೆಯಲ್ಲಿ ಕಪ್ಪು ಅಥವಾ ನೀರೊಸರು ಕಾಣದ ಗೆಡ್ಡೆಯನ್ನು ಆರಿಸಬೇಕು. ತುದಿಗಳಲ್ಲಿ ಉಬ್ಬಿದ ಕಣ್ಣುಗಳು ಇದ್ದೇ ಇರಬೇಕು.

ಶುಂಠಿಯನ್ನು ಎರಡು ಬೆರಳಗಲದ ತುಂಡುಗಳಾಗಿ ಮುರಿಯಬೇಕು. ಒಂದೊಂದು ತುಂಡು ಇಪ್ಪತ್ತೈದು ಮೂವತ್ತು ಗ್ರಾಂ ತೂಗಿದರೆ ಸಾಕು, ಪ್ರತಿಯೊಂದಕ್ಕೂ ಒಂದೆರಡು ಕಣ್ಣು ಇರಲಿ. ಅರಿಸಿನದಲ್ಲಿ ನಡುವಿನ ದುಂಡು ತಾಯಿಗೆಡ್ಡೆಯನ್ನೂ ನೆಡಬಹುದು, ಅದರ ಬೆರಳುಗಳನ್ನೂ ನೆಡಬಹುದು. ತಾಯಿಗೆಡ್ಡೆಯಿಂದ ಬಂದ ಗಿಡ ಮೊದಲಿನಿಂದಲೇ ದಷ್ಟಪುಷ್ಟವಾಗಿರುತ್ತದೆ. ಮುರಿದ ಕೂಡಲೇ ಮಣ್ಣಿಗೆ ಹಾಕಕೂಡದು. ಎರಡು ಮೂರು ದಿನ ನೆರಳಿನಲ್ಲಿ ಹರಡಿಟ್ಟರೆ ಗಾಯದ ಮೇಲೆ ಒಣ ಪೊರೆ ಕಟ್ಟುತ್ತದೆ. ಹಸಿಗಾಯದ ತುಂಡು ಒದ್ದೆ ಮಣ್ಣಿನಲ್ಲಿ ಕೊಳೆಯುವುದಕ್ಕೆ ಬಹಳ ದಿನ ಬೇಡ.

ನೆಡುವ ಕಾಲವನ್ನು ನಮ್ಮ ಹಿರಿಯರು ಮಳೆಯ ನಕ್ಷತ್ರದಿಂದ ಲೆಕ್ಕ ಹಾಕುತ್ತಿದ್ದರು. ಭರಣಿ, ಕೃತ್ತಿಕೆಗಳಲ್ಲಿ, ಎಂದರೆ ಏಪ್ರಿಲ್ ಕೊನೆಯಿಂದ ಮೇ ಇಪ್ಪತ್ತರವರೆಗೆ, ಒಂದೆರಡು ಮಳೆ ಬಿದ್ದು ನೆಲ ಬೆಚ್ಚಗಿರುವಾಗಲೇ ಗೆಡ್ಡೆ ಮಣ್ಣು ಸೇರಬೇಕು. ಇದಕ್ಕೆ ಕಾರಣವಿದೆ. ಈ ಬೆಳೆಗಳಿಗೆ ಎಂಟು ಒಂಬತ್ತು ತಿಂಗಳು ಬೇಕು, ಆದರೆ ಮೊಳೆಯುವಾಗ ಬೇಕಾದುದು ಬಿಸಿಯೇ ಹೊರತು ನೀರಲ್ಲ. ಜೂನ್ ಮಧ್ಯದಲ್ಲಿ ಮುಂಬಯಿಯ ಜಡಿಮಳೆ ಹಿಡಿಯುವಷ್ಟರಲ್ಲಿ ಗಿಡ ಗೇಣುದ್ದ ಎದ್ದು ನೀರು ಕುಡಿಯುವ ಬೇರುಗಳನ್ನು ಬಿಟ್ಟಿದ್ದರೆ ಮಳೆ ಅದಕ್ಕೆ ಊಟ. ಇನ್ನೂ ಕಣ್ಣು ಬಿಡದೆ ಮಣ್ಣಿನಲ್ಲಿ ಮಲಗಿದ್ದರೆ ಅದೇ ಮಳೆ ಅದಕ್ಕೆ ಮೃತ್ಯು.

ಒಂದು ಯುಕ್ತಿಯಿಂದ ಮೂರು ವಾರ ಉಳಿಸಬಹುದು. ಏಪ್ರಿಲ್ ನಡುವಿನಲ್ಲಿ ಅಗಲವಾದ ಒಂದು ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿಯನ್ನು ಹರಡಿ, ಹಿಂಡಿದರೆ ನೀರು ಇಳಿಯದಷ್ಟೇ ತೇವ ಮಾಡಿ, ತುಂಡುಗಳನ್ನು ಅದರ ಮೇಲಿಟ್ಟು ತೆಳ್ಳಗೆ ಮುಚ್ಚಿ ಒಳಗಿನ ಬೆಚ್ಚಗಿನ ಮೂಲೆಯಲ್ಲಿಡಬೇಕು. ಎರಡು ವಾರದಿಂದ ನಾಲ್ಕು ವಾರದೊಳಗೆ ಮೊಳಕೆ ಕಾಣುತ್ತದೆ. ಅರಿಸಿನ ಸ್ವಲ್ಪ ಸೋಮಾರಿ. ಮೊಳೆತುದನ್ನು ಮಾತ್ರ ಕುಂಡಕ್ಕೆ ಸಾಗಿಸಿದರೆ ಯಾವ ಕುಂಡವೂ ಖಾಲಿ ನಿಲ್ಲುವುದಿಲ್ಲ. ದಿಲ್ಲಿಯ ಓದುಗರಿಗೆ ಇದು ಬಹಳ ಮುಖ್ಯ. ಅಲ್ಲಿ ಡಿಸೆಂಬರಿನ ಚಳಿಗೆ ಎಲೆ ತಾನಾಗಿಯೇ ಒಣಗಿಬಿಡುವುದರಿಂದ, ಮುಂಭಾಗದಲ್ಲಿ ಉಳಿಸಿದ ವಾರಗಳೇ ಹಿಂಭಾಗದಲ್ಲಿ ಗೆಡ್ಡೆಯ ತೂಕವಾಗುತ್ತವೆ.

ಇನ್ನು ಕುಂಡ. ಹೂಗಿಡದ ಎತ್ತರದ ಕುಂಡ ಇವಕ್ಕೆ ಒಗ್ಗದು. ಶುಂಠಿ ಕೆಳಗಿಳಿಯುವ ಗೆಡ್ಡೆಯಲ್ಲ. ಅದು ಪಕ್ಕಕ್ಕೆ ಹರಡುತ್ತ ಮೇಲಕ್ಕೇ ಏರುತ್ತದೆ. ಆದುದರಿಂದ ಆಳಕ್ಕಿಂತ ಅಗಲ ಮುಖ್ಯ. ನಾನು ಉಪಯೋಗಿಸುವುದು ಬಟ್ಟೆ ನೆನೆಸುವ ಹಳೆಯ ಪ್ಲಾಸ್ಟಿಕ್ ಟಬ್ಬುಗಳನ್ನು: ಬಾಯಿ ನಲವತ್ತು ಸೆಂಟಿಮೀಟರ್ ಅಗಲ, ಆಳ ಇಪ್ಪತ್ತೈದು. ಕಾಯಿಸಿದ ಮೊಳೆಯಿಂದ ತಳದಲ್ಲಿ ಎಂಟು ಹತ್ತು ತೂತುಗಳನ್ನೂ, ತಳದ ಅಂಚಿಗೆ ಸಮೀಪವಾಗಿ ಪಕ್ಕದಲ್ಲಿ ನಾಲ್ಕು ತೂತುಗಳನ್ನೂ ಮಾಡಿದ್ದೇನೆ. ಎರಡು ಪಾಲು ಸಾಮಾನ್ಯ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ನಾರಿನ ಪುಡಿ, ಮೇಲೊಂದು ಹಿಡಿ ಬೇವಿನ ಹಿಂಡಿ. ಈ ಮಿಶ್ರಣವನ್ನು ಟಬ್ಬಿನ ಬಾಯಿಯವರೆಗೆ ತುಂಬಬಾರದು, ನಾಲ್ಕು ಬೆರಳು ಖಾಲಿ ಬಿಡಬೇಕು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ನೀರು ಕುಡಿದ ಇಂಥ ಟಬ್ಬು ಮೂವತ್ತು ಕಿಲೋ ದಾಟುತ್ತದೆ. ಗ್ಯಾಲರಿಯ ಕಂಬಿಗೆ ತೂಗುಹಾಕುವ ಸಾಹಸ ಬೇಡ, ನೆಲದ ಮೇಲೆ ಎರಡು ಇಟ್ಟಿಗೆಗಳ ಮೇಲಿಡಿ.

ಇಟ್ಟಿಗೆಯ ಮಾತು ಸುಮ್ಮನೆ ಬಂದುದಲ್ಲ. ಎರಡನೆಯ ವರ್ಷ ನನ್ನ ಶುಂಠಿ ಸೊಗಸಾಗಿ ಮೇಲೆದ್ದಿತ್ತು. ಕೆಳಗಿನ ಮನೆಯವರ ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಸರುನೀರು ತೊಟ್ಟಿಕ್ಕುತ್ತದೆಂದು ಅವರು ಹೇಳಿದುದರಿಂದ ಟಬ್ಬಿನ ಕೆಳಗೆ ಒಂದು ತಟ್ಟೆ ಇಟ್ಟೆ. ಜುಲೈ ಮಳೆಯಲ್ಲಿ ಆ ತಟ್ಟೆ ಮೂರು ವಾರ ಒಣಗಲೇ ಇಲ್ಲ. ಮೊದಲು ಕೆಳಗಿನ ಎಲೆಗಳ ತುದಿ ಹಳದಿಯಾಯಿತು. ಗೊಬ್ಬರ ಸಾಲದೆಂದು ತಿಳಿದು ಇನ್ನಷ್ಟು ಗೊಬ್ಬರ ಹಾಕಿದೆ. ಒಂದು ದಿನ ವಾಲಿದ ಕಾಂಡವನ್ನು ನೆಟ್ಟಗೆ ನಿಲ್ಲಿಸಲು ಹಿಡಿದರೆ ಅದು ಸಲೀಸಾಗಿ ಕೈಗೇ ಬಂತು. ಬುಡ ನೀರುನೀರಾಗಿ ಕಂದಿತ್ತು, ಕೆಟ್ಟ ವಾಸನೆ ಬಡಿಯುತ್ತಿತ್ತು. ಇದೇ ಕೊಳೆರೋಗ. ನೀರು ನಿಂತ ಮಣ್ಣಿನಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಇದಕ್ಕೆ ಕಾರಣ. ಮಲೆನಾಡಿನಲ್ಲಿ ಎಕರೆಗಟ್ಟಲೆ ಶುಂಠಿಯನ್ನು ಮಲಗಿಸುವ ರೋಗ ನನ್ನ ಒಂದು ಟಬ್ಬನ್ನು ಬಿಟ್ಟೀತೇ? ಗೆಡ್ಡೆ ಮೆತ್ತಗಾದ ಮೇಲೆ ಔಷಧವಿಲ್ಲ. ಗಿಡವನ್ನೂ ಸುತ್ತಲಿನ ಮಣ್ಣನ್ನೂ ತೆಗೆದೆಸೆದು, ಆ ಮಣ್ಣು ಬೇರೆ ಕುಂಡಕ್ಕೆ ತಗಲದಂತೆ ನೋಡಿಕೊಳ್ಳುವುದೊಂದೇ ಉಳಿದ ದಾರಿ. ಈಗ ತಟ್ಟೆ ಇಟ್ಟಿಗೆಯ ಕೆಳಗಿದೆ, ಟಬ್ಬು ಇಟ್ಟಿಗೆಯ ಮೇಲಿದೆ; ತಟ್ಟೆ ತುಂಬಿದರೂ ಬುಡ ಒದ್ದೆಯಾಗುವುದಿಲ್ಲ, ಕೆಳಗಿನ ಮನೆಯವರೂ ಸುಪ್ರಸನ್ನರು.

ನೆಡುವ ಕೆಲಸ ಐದು ನಿಮಿಷದ್ದು. ಒಂದು ಟಬ್ಬಿಗೆ ಶುಂಠಿಯಾದರೆ ಮೂರು ತುಂಡು, ಅರಿಸಿನವಾದರೆ ಎರಡೇ. ಕಣ್ಣು ಮೇಲ್ಮುಖವಾಗಿರುವಂತೆ ಎರಡು ಬೆರಳು ಆಳದಲ್ಲಿಟ್ಟು ಮುಚ್ಚಿ, ಒಮ್ಮೆ ನೀರು ಹಾಕಿ, ಮೇಲೆ ಒಣ ಎಲೆಗಳನ್ನು ಹೊದಿಸಬೇಕು. ಹಸಿರು ತುದಿ ಕಾಣುವವರೆಗೆ ಮತ್ತೆ ನೀರು ಹಾಕುವ ಆತುರ ಬೇಡ. ಹೊದಿಕೆಯ ಕೆಳಗೆ ಬೆರಳಿಟ್ಟು ನೋಡಿ, ಒಣಗಿದೆ ಎನಿಸಿದರೆ ಮಾತ್ರ ಚಿಮುಕಿಸಿ. ಎಲೆ ಮೂರು ನಾಲ್ಕು ಬಂದ ಮೇಲೆ ಬಾಯಾರಿಕೆ ಹೆಚ್ಚುತ್ತದೆ; ಮಳೆ ತಪ್ಪಿದ ದಿನಗಳಲ್ಲಿ ದಿನ ಬಿಟ್ಟು ದಿನ ನೀರು ಬೇಕಾಗುತ್ತದೆ.

ನಲವತ್ತೈದು ದಿನವಾದಾಗ ಒಮ್ಮೆ, ತೊಂಬತ್ತು ದಿನವಾದಾಗ ಮತ್ತೊಮ್ಮೆ, ಖಾಲಿ ಬಿಟ್ಟ ಆ ನಾಲ್ಕು ಬೆರಳಿನ ಜಾಗದಲ್ಲಿ ಮಣ್ಣು ಬೆರೆಸಿದ ಗೊಬ್ಬರವನ್ನು ಬುಡಕ್ಕೆ ಏರಿಸಬೇಕು. ಗೆಡ್ಡೆ ಮೇಲಕ್ಕೆ ಏರುವುದೆಂದೆನಲ್ಲವೆ? ಮೇಲೆ ಮಣ್ಣಿಲ್ಲದಿದ್ದರೆ ಅದು ಬೆಳಕಿಗೆ ಬಂದು ಹಸಿರಾಗುತ್ತದೆ, ಅಲ್ಲಿಗೆ ದಪ್ಪಗಾಗುವುದನ್ನು ನಿಲ್ಲಿಸುತ್ತದೆ. ಮಳೆಯ ಹೊಡೆತಕ್ಕೆ ಮಣ್ಣು ಕುಸಿದು ಗೆಡ್ಡೆಯ ತಲೆ ಇಣುಕಿದರೆ ದಿನ ಎಣಿಸುತ್ತ ಕೂಡದೆ ಕೂಡಲೇ ಮುಚ್ಚಿ.

ನೆರಳಿನ ವಿಷಯದಲ್ಲಿ ಜನರಿಗೆ ಎರಡು ಬಗೆಯ ತಪ್ಪು ಕಲ್ಪನೆ ಇದೆ. ಕೆಲವರು ಗಿಡವೆಂದ ಮೇಲೆ ಬಿಸಿಲು ಬೇಕೆಂದು ಟೆರೇಸಿನ ನಡುವೆ ಇಡುತ್ತಾರೆ. ಕೆಲವರು ನೆರಳಿನ ಬೆಳೆಯೆಂದು ಕೇಳಿ ನೀರಿನ ಕೊಠಡಿಯ ಮಗ್ಗುಲಿನ ಕತ್ತಲೆಗೆ ತಳ್ಳುತ್ತಾರೆ. ನಮ್ಮ ಕಡೆ ಶುಂಠಿ ಅರಿಸಿನಗಳು ಅಡಕೆ, ತೆಂಗಿನ ತೋಟದಲ್ಲಿ ಬೆಳೆಯುವುದನ್ನು ಕಂಡವರು ಆ ಬೆಳಕನ್ನು ನೆನೆಸಿಕೊಂಡರೆ ಸಾಕು. ಅಲ್ಲಿ ಸೋಗೆಗಳ ನಡುವಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು ಸರಿಯುತ್ತಿರುತ್ತದೆ. ಕತ್ತಲೆಯೂ ಇಲ್ಲ, ಉರಿಯೂ ಇಲ್ಲ. ಗ್ಯಾಲರಿಯಲ್ಲಿ ಅದಕ್ಕೆ ಸಮನಾದುದು ಮೂರು ನಾಲ್ಕು ತಾಸಿನ ಬೆಳಗಿನ ಬಿಸಿಲು, ಮಧ್ಯಾಹ್ನದ ಮೇಲೆ ಬರಿಯ ಬೆಳಕು. ಪಶ್ಚಿಮಕ್ಕೆ ಮುಖವಾದ ಮನೆಯವರು ಒಂದು ಹಳೆಯ ತೆಳು ಸೀರೆಯನ್ನೋ ಹಸಿರು ಜಾಲರಿಯನ್ನೋ ಕಟ್ಟಿಕೊಳ್ಳಬೇಕಾಗುತ್ತದೆ.

ಬಿಸಿಲು ಹೆಚ್ಚಾಯಿತೆಂಬುದನ್ನು ಎಲೆಯೇ ಹೇಳುತ್ತದೆ. ನಡುಹಗಲಿನಲ್ಲಿ ಅದು ಉದ್ದಕ್ಕೆ ಸುರುಳಿಕೊಳ್ಳುತ್ತದೆ, ಬಳಿಕ ತುದಿಯೂ ಅಂಚೂ ಕಾಗದ ಸುಟ್ಟಂತೆ ಕಂದಾಗುತ್ತವೆ. ನೆರಳು ಹೆಚ್ಚಾದರೆ ಕಾಂಡ ಬೆಳಕಿನ ಕಡೆಗೆ ಬಾಗಿ ಸಣಕಲಾಗಿ ಉದ್ದ ಬೆಳೆಯುತ್ತದೆ, ಪಕ್ಕದಲ್ಲಿ ಹೊಸ ಮೊಳಕೆಗಳು ಏಳುವುದಿಲ್ಲ. ಮೇಲೆ ಒಂದೇ ಕಾಂಡ ಕಂಡರೆ ಕೆಳಗೆ ಹೆಚ್ಚಿನ ಗೆಡ್ಡೆಯನ್ನು ನಿರೀಕ್ಷಿಸುವಂತಿಲ್ಲ. ಎರಡರಲ್ಲಿ ಅರಿಸಿನ ಬಿಸಿಲನ್ನು ಹೆಚ್ಚು ತಾಳುತ್ತದೆ, ಶುಂಠಿ ಕಡಿಮೆ. ಆದ್ದರಿಂದ ನಾನು ಅರಿಸಿನವನ್ನು ಕಂಬಿಯ ಕಡೆಗೂ, ಅದರ ಅಗಲವಾದ ಎಲೆಗಳ ಮರೆಯಲ್ಲಿ ಶುಂಠಿಯನ್ನು ಗೋಡೆಯ ಕಡೆಗೂ ಇಡುತ್ತೇನೆ.

ಮುಂಬಯಿಯವರು ಎಚ್ಚರವಾಗಿರಬೇಕಾದ ತಿಂಗಳು ಅಕ್ಟೋಬರ್. ನಾಲ್ಕು ತಿಂಗಳು ಮೋಡದ ಕೆಳಗೆ ಮೃದುವಾಗಿ ಬೆಳೆದ ಎಲೆಯ ಮೇಲೆ ಒಮ್ಮೆಗೇ ಬೀಳುವ ಬಿಸಿಲು, ಅದರೊಂದಿಗೆ ದಕ್ಷಿಣಕ್ಕೆ ವಾಲಿದ ಸೂರ್ಯ. ಮಳೆಗಾಲದಲ್ಲಿ ಕಾಣದ ದಕ್ಷಿಣದ ಗ್ಯಾಲರಿಗೂ ಆಗ ಉದ್ದವಾಗಿ ಬಿಸಿಲು ನುಗ್ಗುತ್ತದೆ. ಗೆಡ್ಡೆ ದಪ್ಪಗಾಗುವ ಕಾಲವೂ ಅದೇ. ಅದಕ್ಕೇ ಆ ತಿಂಗಳು ಟಬ್ಬನ್ನು ಒಂದು ಗಜ ಒಳಕ್ಕೆ ಸರಿಸಿ, ನೀರನ್ನು ತಪ್ಪಿಸದೆ ಕೊಡಬೇಕು. ಚೆನ್ನೈಯಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುವುದರಿಂದ, ಬಲಿಯುತ್ತಿರುವ ಗೆಡ್ಡೆಯನ್ನು ಮಳೆಯಿಂದ ತಪ್ಪಿಸಿ ಸೂರಿನ ಕೆಳಗಿಡಬೇಕು. ಪುಣೆ, ಹೈದರಾಬಾದುಗಳಲ್ಲಿ ಮಳೆ ಕಡಿಮೆ, ಕೊಳೆಯ ಭಯವೂ ಅಷ್ಟೇ ಕಡಿಮೆ. ಅಲ್ಲಿ ಮೇ ತಿಂಗಳ ಒಣಗಾಳಿಗೆ ಹೊದಿಕೆ ದಪ್ಪಗಿರಲಿ.

ಕೀಟದ ಮಾತು ಹೆಚ್ಚು ಬೇಡ. ನಡುವಿನ ಸುಳಿ ಎಲೆ ಮಾತ್ರ ಹಳದಿಯಾಗಿ ಒಣಗಿದ್ದು, ಕಾಂಡದಲ್ಲಿ ಸಣ್ಣ ತೂತೂ ಅದರ ಬಾಯಲ್ಲಿ ಹಿಟ್ಟಿನಂಥ ಹಿಕ್ಕೆಯೂ ಕಂಡರೆ ಒಳಗೆ ಹುಳುವಿದೆ. ಆ ಕಾಂಡವನ್ನು ಬುಡಕ್ಕೆ ಕತ್ತರಿಸಿ ಹುಳುವನ್ನು ಹೊಸಕಿದರೆ ಮುಗಿಯಿತು.

ಇನ್ನು ತಾಯಿಯವರ ಎಲೆಯ ವಿಷಯ. ನಾಗರಪಂಚಮಿ ಬರುವುದು ಜುಲೈ ಕೊನೆ ಅಥವಾ ಆಗಸ್ಟಿನಲ್ಲಿ. ಮೇ ನಡುವಿನಲ್ಲಿ ನೆಟ್ಟ ಅರಿಸಿನಕ್ಕೆ ಆಗ ಕೇವಲ ಎರಡೂವರೆ ಮೂರು ತಿಂಗಳು, ಕಾಂಡಕ್ಕೆ ಐದಾರು ಎಲೆ. ಗೆಡ್ಡೆಗೆ ಬೇಕಾದ ಅನ್ನವನ್ನು ಬೇಯಿಸುವುದು ಈ ಎಲೆಗಳೇ. ಇಪ್ಪತ್ತು ಕಡುಬಿಗೆ ಇಪ್ಪತ್ತು ಎಲೆ ಕೊಯ್ದರೆ ಜನವರಿಯಲ್ಲಿ ಅಗೆಯಲು ಏನೂ ಉಳಿಯುವುದಿಲ್ಲ. ಈ ಕುರಿತು ನಮ್ಮ ಮನೆಯಲ್ಲಿ ಸಣ್ಣ ವಾಗ್ವಾದವೇ ನಡೆಯಿತು. ಕಡೆಗೆ ಒಂದು ಟಬ್ಬು ಎಲೆಗೆ, ಒಂದು ಟಬ್ಬು ಗೆಡ್ಡೆಗೆ ಎಂದು ರಾಜಿಯಾಯಿತು. ಗೆಡ್ಡೆಯ ಟಬ್ಬಿನಿಂದ ಕಾಂಡಕ್ಕೊಂದರಂತೆ ಹೊರಗಿನ ಎಲೆಯನ್ನು ಮಾತ್ರ ತೆಗೆಯಬಹುದು. ದೊಡ್ಡ ಎಲೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಎರಡು ಕಡುಬಾಗುತ್ತದೆಂಬುದನ್ನು ಕಂಡುಹಿಡಿದವರು ತಾಯಿಯವರೇ.

ಮೂರನೆಯ ವರ್ಷ ಎಲ್ಲವೂ ಸರಿಹೋಯಿತು. ಮೇ ಹದಿನಾಲ್ಕರಂದು ಸುಮಾರು ತೊಂಬತ್ತು ಗ್ರಾಂ ತೂಕದ ಮೂರು ತುಂಡು ಶುಂಠಿಯನ್ನು ನೆಟ್ಟಿದ್ದೆವು. ಅಕ್ಟೋಬರ್ ನಡುವಿನಲ್ಲಿ, ಐದು ತಿಂಗಳಾದಾಗ, ಟಬ್ಬಿನ ಅಂಚಿನಲ್ಲಿ ಬೆರಳಿನಿಂದ ಮಣ್ಣು ಸರಿಸಿ ಒಂದು ಕವಲನ್ನು ಮುರಿದು ತೆಗೆದು ಮತ್ತೆ ಮುಚ್ಚಿದೆ. ಇದು ಎಳೆ ಶುಂಠಿ. ಸಿಪ್ಪೆ ಉಗುರಿಗೇ ಸುಲಿಯುತ್ತದೆ, ನಾರಿಲ್ಲ, ಖಾರವೂ ಮೃದು. ನಿಂಬೆಯ ರಸದಲ್ಲಿ ಉಪ್ಪಿನಕಾಯಿ ಹಾಕಲು, ತಂಬುಳಿಗೆ ಇದಕ್ಕಿಂತ ಉತ್ತಮವಾದುದು ಬೇರೆ ಇಲ್ಲ. ಆದರೆ ಇದು ಬಹಳ ದಿನ ಇಡುವ ಸಾಮಾನಲ್ಲ.

ಬಲಿತ ಶುಂಠಿಗೆ ಎಂಟು ತಿಂಗಳು ಕಾಯಬೇಕು. ಡಿಸೆಂಬರಿನಲ್ಲಿ ಕೆಳಗಿನ ಎಲೆಯಿಂದ ಮೊದಲಾಗಿ ಗಿಡ ಹಳದಿಯಾಗುತ್ತ ಬರುತ್ತದೆ. ಹಿಂದೆ ಸುಟ್ಟುಕೊಂಡಿದ್ದ ನನಗೆ ಅದನ್ನು ಕಂಡು ಮತ್ತೆ ಕೊಳೆಯೇನೋ ಎಂದು ಎದೆ ಹಾರಿತು. ಇವೆರಡನ್ನು ಬೇರೆ ಮಾಡಿ ತಿಳಿಯುವುದು ಕಷ್ಟವಲ್ಲ. ಕೊಳೆ ಬರುವುದು ಮಳೆಯ ನಡುವೆ, ಒಂದು ಕಾಂಡದಿಂದ ಆರಂಭವಾಗಿ; ಬುಡ ಒದ್ದೆ, ಎಳೆದರೆ ಕೈಗೆ ಬರುತ್ತದೆ, ನಾತವಿದೆ. ಬಲಿತ ಹಳದಿ ಬರುವುದು ಒಣಹವೆಯಲ್ಲಿ, ಎಲ್ಲ ಕಾಂಡಗಳಿಗೂ ಹೆಚ್ಚುಕಡಿಮೆ ಒಟ್ಟಿಗೆ. ಬುಡ ಒಣಗಿರುತ್ತದೆ, ಕಾಂಡ ತಾನಾಗಿಯೇ ಬಾಗಿ ಮಲಗುತ್ತದೆ, ಕೆಳಗಿನ ಗೆಡ್ಡೆ ಕಲ್ಲಿನಂತೆ ಗಟ್ಟಿ. ಹಳದಿ ಕಂಡ ದಿನದಿಂದ ನೀರನ್ನು ಕಡಿಮೆ ಮಾಡಿ ಎಲೆ ಒಣಗುತ್ತಿದ್ದಂತೆ ಪೂರ್ತಿ ನಿಲ್ಲಿಸಬೇಕು. ಗಿಡ ಸಾಯುತ್ತಿದೆಯೆಂದು ಮರುಕಪಟ್ಟು ನೀರು ಹಾಕಿದವರು ಬಲಿತ ಗೆಡ್ಡೆಯನ್ನು ಕೊಳೆಯಿಸುತ್ತಾರೆ. ಹೆಬ್ಬೆರಳಿನಿಂದ ತಿಕ್ಕಿದರೆ ಸಿಪ್ಪೆ ಕಳಚಬಾರದು. ಅದು ಅಗೆಯುವ ಹದ. ಜನವರಿ ಹತ್ತರಂದು ಟಬ್ಬನ್ನು ಹಳೆಯ ಚಾಪೆಯ ಮೇಲೆ ಬೋರಲು ಹಾಕಿದೆವು. ಮಣ್ಣು ಕೊಡವಿ ತೂಗಿದಾಗ ಏಳುನೂರು ಗ್ರಾಂ ಶುಂಠಿ ದೊರೆಯಿತು.

ಅರಿಸಿನವನ್ನು ಇನ್ನೆರಡು ವಾರ ಬಿಟ್ಟೆವು. ಅದರ ಎಲೆ ಹಳದಿಯಾದರೆ ಸಾಲದು, ಪೂರ್ತಿ ಒಣಗಿ ಮಲಗಬೇಕು; ಬೇಗ ಅಗೆದರೆ ಬಣ್ಣವೂ ತೂಕವೂ ಕಡಿಮೆ. ಬಲಿತ ಬೆರಳನ್ನು ಮುರಿದರೆ ಒಳಗೆ ಗಾಢವಾದ ಕಿತ್ತಳೆ ಬಣ್ಣ ಕಾಣುತ್ತದೆ. ಪುಡಿ ಬೇಕಾದವರು ಬೆರಳುಗಳನ್ನು ತೊಳೆದು, ಮುಳುಗುವಷ್ಟು ನೀರಿನಲ್ಲಿ ನಲವತ್ತೈದು ನಿಮಿಷದಿಂದ ಒಂದು ತಾಸು ಬೇಯಿಸಿ, ನೊರೆಯೆದ್ದು ಅರಿಸಿನದ ಘಾಟು ಮನೆ ತುಂಬಿದಾಗ ಕಡ್ಡಿ ಚುಚ್ಚಿ ನೋಡಬೇಕು. ಸಲೀಸಾಗಿ ಹೋದರೆ ಬೆಂದಿದೆ. ಅನಂತರ ಬಿಸಿಲಿನಲ್ಲಿ ಎರಡು ವಾರ. ಮುರಿದಾಗ ಟಣ್ ಎಂದರೆ ಒಣಗಿದೆಯೆಂದು ತಿಳಿಯಿರಿ. ಅರ್ಧ ಕಿಲೋ ಹಸಿಯಿಂದ ನಮಗೆ ಬಂದ ಪುಡಿ ನೂರು ಗ್ರಾಂ ಮಾತ್ರ. ಪಾತ್ರೆಯ ಕಲೆ ಹೋಗಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಅಗೆದುದರಲ್ಲಿ ತುಂಬಿದ, ಗಾಯವಿಲ್ಲದ ನಾಲ್ಕೈದು ಗೆಡ್ಡೆಗಳನ್ನು ತೊಳೆಯದೆ ಬೇರೆ ಇಡಬೇಕು. ಮಣ್ಣಿನ ಮಡಕೆಯಲ್ಲಿ ಒಣ ಮರಳು, ಅದರ ಮೇಲೆ ಗೆಡ್ಡೆ, ಮತ್ತೆ ಮರಳು. ಬಾಯಿಗೆ ತೆಳು ಬಟ್ಟೆ ಕಟ್ಟಿ ಮಂಚದ ಕೆಳಗಿನ ಕತ್ತಲೆಯಲ್ಲಿಟ್ಟು, ತಿಂಗಳಿಗೊಮ್ಮೆ ಕೈಯಾಡಿಸಿ ಮೆತ್ತಗಾದುದನ್ನು ತೆಗೆದುಬಿಡಬೇಕು. ಟಬ್ಬಿನ ಹಳೆಯ ಮಣ್ಣಿನಲ್ಲಿ ಮರುವರ್ಷ ಮತ್ತೆ ಶುಂಠಿಯನ್ನಾಗಲಿ ಅರಿಸಿನವನ್ನಾಗಲಿ ನೆಡಕೂಡದು, ರೋಗದ ಬೀಜ ಅದರಲ್ಲಿ ಉಳಿದಿರಬಹುದು. ನಾವು ಅದರಲ್ಲಿ ಮೆಂತ್ಯ ಚೆಲ್ಲುತ್ತೇವೆ, ಮಳೆಗಾಲಕ್ಕೆ ಬಸಳೆಯ ಕಡ್ಡಿ ಊರುತ್ತೇವೆ. ಹೋದ ಸಲ ಏಪ್ರಿಲ್ ಮೊದಲ ವಾರದಲ್ಲಿ ಮಡಕೆಯ ಮರಳು ಸರಿಸಿ ನೋಡಿದಾಗ ಐದರಲ್ಲಿ ನಾಲ್ಕು ಗೆಡ್ಡೆಗಳು ಕಣ್ಣು ಬಿಟ್ಟಿದ್ದವು.